ಹೊಲಿಸಿದೆ, ಹೊಲಿಸುತ್ತಿದ್ದೇನೆ, ಹೊಲಿಸಿದ್ದೇನೆ: ಇಂಗ್ಲಿಷಿನಲ್ಲಿ ಕಾಲವನ್ನು ಹೊರುವ ಪದ ಯಾವುದು?

ಪ್ರಶ್ನೆ: ಮೇಡಂ, ನಾನು ಗುಳೇದಗುಡ್ಡದಾಕಿ. ಡಿಗ್ರಿ ಮುಗಿಸಿ ಬಾಗಲಕೋಟೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಾಕತ್ತೀನಿ. ವಾಕ್ಯ ತಿರುಗಿಸಿ ಬರೆಯೋ ಪ್ರಶ್ನೆಯೊಳಗ ಹ್ಯಾವ್, ಗೆಟ್ ಬಂದರ ಗೊಂದಲ ಆಗ್ತದ. 'ದಿ ಟೇಲರ್ ಈಸ್ ಸ್ಟಿಚಿಂಗ್ ಮೈ ಬ್ಲೌಸ್' ಅಂತ ಕೊಟ್ಟು 'ಐ' ಇಂದ ಶುರು ಮಾಡು ಅಂದಿದ್ದರು. ನಾನು 'ಐ ಹ್ಯಾವ್ ಸ್ಟಿಚಿಂಗ್ ಮೈ ಬ್ಲೌಸ್' ಅಂತ ಬರೆದೆ, ತಪ್ಪಾತು. 'ದಿ ಮೆಕ್ಯಾನಿಕ್ ಹ್ಯಾಸ್ ರಿವೌಂಡ್ ಅವರ್ ಮೋಟಾರ್' ಅನ್ನೋದಕ್ಕ 'ವಿ ಹ್ಯಾಡ್ ರಿವೌಂಡ್ ಅವರ್ ಮೋಟಾರ್' ಅಂತ ಬರೆದೆ, ಅದೂ ತಪ್ಪಂತ. ಕೀ ಉತ್ತರದಾಗ 'ವಿ ಹ್ಯಾವ್ ಹ್ಯಾಡ್ ಅವರ್ ಮೋಟಾರ್ ರಿವೌಂಡ್' ಅಂತದ. ಹ್ಯಾವ್ ಹ್ಯಾಡ್ ಅಂತ ಎರಡು ಸಲ ಬಂದದ್ದು ಅಚ್ಚಿನ ತಪ್ಪೇನ್ರೀ? ಕಾಲ ಬದಲಾದಾಗ ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು? ಗೆಟ್ ಅಂದರೂ ಇದೇ ಏನು?

ಉತ್ತರ: ತಂಗಿ, ಅದು ಅಚ್ಚಿನ ತಪ್ಪಲ್ಲ, ಕೀ ಉತ್ತರ ಸರಿಯಾಗಿಯೇ ಇದೆ. ನಿಮ್ಮ ಎರಡು ಉತ್ತರಗಳು ಬೇರೆ ಬೇರೆ ತಪ್ಪಿನಂತೆ ಕಂಡರೂ ಎಡವಿದ ಜಾಗ ಒಂದೇ. ಇಂಥ ವಾಕ್ಯದಲ್ಲಿ ಕಾಲವನ್ನು ಹೊರುವ ಪದ ಯಾವುದು, ಕಾಲದ ಗೊಡವೆಯೇ ಇಲ್ಲದ ಪದ ಯಾವುದು ಎಂಬುದು ನಿಮಗಿನ್ನೂ ಬೇರೆಯಾಗಿ ಕಂಡಿಲ್ಲ. ಅದೊಂದು ಕಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ನಮ್ಮ ಮಾತಿನಿಂದಲೇ ಶುರು ಮಾಡೋಣ, ಏಕೆಂದರೆ ಗೊಂದಲದ ಬೇರು ಇರುವುದು ಅಲ್ಲೇ. ನಾವು ಹೊಲಿ ಎಂಬುದಕ್ಕೆ ಇಸು ಸೇರಿಸಿ ಹೊಲಿಸು ಎನ್ನುತ್ತೇವೆ. ಹಾಗೆಯೇ ಬರೆಸು, ಕಟ್ಟಿಸು, ಗಿರಣಿಗೆ ಹೋಗಿ ಜೋಳ ಬೀಸಿಸು. 'ಹೊಲಿಸಿದೆ' ಎಂಬ ಒಂದೇ ಪದದಲ್ಲಿ ಎಷ್ಟು ವಿಷಯ ಅಡಗಿದೆ ನೋಡಿ: ಕೆಲಸ ಹೊಲಿಗೆಯದು, ಮಾಡಿದವರು ಬೇರೆಯವರು, ಮಾಡಿಸಿದವಳು ನಾನು, ಅದು ಮುಗಿದುಹೋದ ಕಾಲದಲ್ಲಿ. ಇಂಗ್ಲಿಷ್ ಇದನ್ನು ಒಂದೇ ಪದದಲ್ಲಿ ಹೇಳುವುದಿಲ್ಲ, ಎರಡಾಗಿ ಒಡೆಯುತ್ತದೆ. ಒಡೆದ ಎರಡು ತುಂಡುಗಳನ್ನು ಜೊತೆಗೂ ಇಡದೆ, ನಡುವೆ ವಸ್ತುವನ್ನು ಕೂರಿಸುತ್ತದೆ. 'ಐ ಹ್ಯಾಡ್ ಮೈ ಬ್ಲೌಸ್ ಸ್ಟಿಚ್ಡ್.' ಇದರಲ್ಲಿ 'ಹ್ಯಾಡ್' ಎಂಬುದು ಮಾಡಿಸಿದ್ದನ್ನೂ ಹೇಳುತ್ತದೆ, ಯಾವಾಗ ಎಂಬುದನ್ನೂ ಹೇಳುತ್ತದೆ. 'ಸ್ಟಿಚ್ಡ್' ಎಂಬುದು ಬ್ಲೌಸಿಗೆ ಆದ ಕೆಲಸ ಯಾವುದು ಎಂದಷ್ಟೇ ಹೇಳುತ್ತದೆ.

ಕೊನೆಯಲ್ಲಿ 'ಡ್' ಇರುವುದರಿಂದ ಸ್ಟಿಚ್ಡ್ ಎಂಬುದು ಭೂತಕಾಲದಂತೆ ಕಾಣುತ್ತದೆ, ಆದರೆ ಅಲ್ಲ. 'ಐ ವಿಲ್ ಹ್ಯಾವ್ ಮೈ ಬ್ಲೌಸ್ ಸ್ಟಿಚ್ಡ್ ಟುಮಾರೋ' ಎಂದರೆ ನಾಳೆ ಹೊಲಿಸುತ್ತೇನೆ ಎಂದರ್ಥ. ಕಾಲ ನಾಳೆಗೆ ಹೋಯಿತು, ಸ್ಟಿಚ್ಡ್ ಮಾತ್ರ ಇದ್ದಲ್ಲೇ ಇದ್ದ ಹಾಗೆಯೇ ಇದೆ. ಕ್ಲಾಸಿನಲ್ಲಿ ವಿ-3 ಎಂದು ಹೇಳಿಕೊಡುತ್ತಾರಲ್ಲ, ಆ ಮೂರನೆಯ ರೂಪ ಇದು. ಈ ರಚನೆಯಲ್ಲಿ ವಿ-3 ಯಾವ ಕಾಲಕ್ಕೂ ಬದಲಾಗುವುದಿಲ್ಲ. ಬದಲಾಗುವುದು ಹ್ಯಾವ್ ಒಂದೇ.

ಈಗ ತಿರುಗಿಸುವ ಕ್ರಮಕ್ಕೆ ಬರೋಣ. ಹನ್ನೆರಡು ಕಾಲಗಳ ಪಟ್ಟಿ ಬಾಯಿಪಾಠ ಮಾಡಿ, ಪ್ರತಿಯೊಂದಕ್ಕೂ ಹ್ಯಾವ್ ರೂಪ ಯಾವುದೆಂದು ಇನ್ನೊಂದು ಪಟ್ಟಿ ಬಾಯಿಪಾಠ ಮಾಡುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಅದರ ಬದಲು ಮೂಲ ವಾಕ್ಯದ ಮುಖ್ಯ ಕ್ರಿಯಾಪದವನ್ನು ಎತ್ತಿ, ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಹ್ಯಾವ್ ಅನ್ನು ಇಡಿ. ಅದರ ಹಿಂದಿರುವ ಸಹಾಯಕ ಕ್ರಿಯಾಪದಗಳನ್ನು ಹೊಸ ಕರ್ತೃವಿಗೆ ಹೊಂದಿಸುವುದು ಬಿಟ್ಟರೆ ಮುಟ್ಟಬೇಡಿ.

ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. 'ದಿ ಟೇಲರ್ ಈಸ್ ಸ್ಟಿಚಿಂಗ್ ಮೈ ಬ್ಲೌಸ್.' ಮುಖ್ಯ ಕ್ರಿಯಾಪದ ಸ್ಟಿಚಿಂಗ್, ಅದು 'ಇಂಗ್' ರೂಪದಲ್ಲಿದೆ. ಅದನ್ನು ಎತ್ತಿ ಹ್ಯಾವ್‌ನ ಇಂಗ್ ರೂಪ ಇಡಿ: 'ಈಸ್ ಹ್ಯಾವಿಂಗ್'. ಕರ್ತೃ ಈಗ ಟೇಲರ್ ಅಲ್ಲ, 'ಐ'. ಆದ್ದರಿಂದ ಈಸ್ ಹೋಗಿ ಆ್ಯಮ್ ಆಗುತ್ತದೆ: 'ಐ ಆ್ಯಮ್ ಹ್ಯಾವಿಂಗ್'. ಏನನ್ನು? 'ಮೈ ಬ್ಲೌಸ್'. ಎತ್ತಿಟ್ಟಿದ್ದ ಸ್ಟಿಚ್ ಅನ್ನು ವಿ-3 ಮಾಡಿ ಕೊನೆಗೆ ಹಾಕಿ. 'ಐ ಆ್ಯಮ್ ಹ್ಯಾವಿಂಗ್ ಮೈ ಬ್ಲೌಸ್ ಸ್ಟಿಚ್ಡ್.' ನೀವು ಬರೆದ 'ಐ ಹ್ಯಾವ್ ಸ್ಟಿಚಿಂಗ್' ಎಂಬುದರಲ್ಲಿ ಇಂಗ್ ಹೊಲಿಗೆಗೇ ಅಂಟಿಕೊಂಡು ಉಳಿದಿದೆ. ಅದು ಹ್ಯಾವ್‌ಗೆ ದಾಟಬೇಕಿತ್ತು.

ಅದೇ ವಾಕ್ಯವನ್ನು ಬೇರೆ ಕಾಲಗಳಲ್ಲಿ ಇಟ್ಟು ನೋಡಿ. 'ಸ್ಟಿಚ್ಡ್ ಮೈ ಬ್ಲೌಸ್' ಎಂದು ಬರೀ ಭೂತಕಾಲವಿದ್ದರೆ ಅದರ ಜಾಗಕ್ಕೆ ಹ್ಯಾವ್‌ನ ಭೂತಕಾಲ ಬರುತ್ತದೆ: 'ಐ ಹ್ಯಾಡ್ ಮೈ ಬ್ಲೌಸ್ ಸ್ಟಿಚ್ಡ್.' 'ವಾಸ್ ಸ್ಟಿಚಿಂಗ್' ಇದ್ದರೆ 'ಐ ವಾಸ್ ಹ್ಯಾವಿಂಗ್ ಮೈ ಬ್ಲೌಸ್ ಸ್ಟಿಚ್ಡ್.' 'ವಿಲ್ ಸ್ಟಿಚ್' ಇದ್ದರೆ 'ಐ ವಿಲ್ ಹ್ಯಾವ್ ಮೈ ಬ್ಲೌಸ್ ಸ್ಟಿಚ್ಡ್.' 'ಈಸ್ ಗೋಯಿಂಗ್ ಟು ಸ್ಟಿಚ್' ಇದ್ದರೆ 'ಐ ಆ್ಯಮ್ ಗೋಯಿಂಗ್ ಟು ಹ್ಯಾವ್ ಮೈ ಬ್ಲೌಸ್ ಸ್ಟಿಚ್ಡ್.' ಕ್ಯಾನ್, ಮಸ್ಟ್, ಶುಡ್ ಇದ್ದರೂ ಹೀಗೆಯೇ, ಅವುಗಳ ಮುಂದೆ ಬರೀ ಹ್ಯಾವ್. ಎಲ್ಲ ವಾಕ್ಯಗಳ ಬಾಲ ಒಂದೇ: ಮೈ ಬ್ಲೌಸ್ ಸ್ಟಿಚ್ಡ್. ಬಾಲ ಬದಲಾಯಿತೆಂದರೆ ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

ಸ್ಟಿಚ್ ಪದಕ್ಕೆ ಎರಡನೆಯ ರೂಪ, ಮೂರನೆಯ ರೂಪ ಎರಡೂ ಒಂದೇ ಆದದ್ದರಿಂದ ಒಂದು ತಪ್ಪು ಮರೆಯಲ್ಲೇ ಉಳಿದುಬಿಡುತ್ತದೆ. ರೈಟ್ ಪದ ತೆಗೆದುಕೊಂಡರೆ ಅದು ಹೊರಗೆ ಬೀಳುತ್ತದೆ. ತಹಶೀಲ್ದಾರ್ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಕೂತವರ ಹತ್ತಿರ ಅಜ್ಜ ಅರ್ಜಿ ಬರೆಸಿದ ಎನ್ನಿ. ಮೂಲ ವಾಕ್ಯ 'ಎ ಕ್ಲರ್ಕ್ ರೋಟ್ ಮೈ ಗ್ರ್ಯಾಂಡ್‌ಫಾದರ್ಸ್ ಅಪ್ಲಿಕೇಶನ್.' ಬಹಳ ಮಕ್ಕಳು 'ಮೈ ಗ್ರ್ಯಾಂಡ್‌ಫಾದರ್ ಹ್ಯಾಡ್ ಹಿಸ್ ಅಪ್ಲಿಕೇಶನ್ ರೋಟ್' ಎಂದು ಬರೆಯುತ್ತಾರೆ. ರೋಟ್ ಎಂಬುದು ಕಾಲವನ್ನು ಹೊತ್ತ ರೂಪ. ಆ ಹೊರೆ ಈಗಾಗಲೇ ಹ್ಯಾಡ್‌ಗೆ ದಾಟಿದೆ, ಹಾಗಾಗಿ ಕೊನೆಗೆ ಬರಬೇಕಾದದ್ದು 'ರಿಟನ್'. 'ಮೈ ಗ್ರ್ಯಾಂಡ್‌ಫಾದರ್ ಹ್ಯಾಡ್ ಹಿಸ್ ಅಪ್ಲಿಕೇಶನ್ ರಿಟನ್.' ಫೋಟೋ ತೆಗೆಸಿದ್ದಕ್ಕೂ ಹೀಗೆಯೇ 'ಟುಕ್' ಅಲ್ಲ, 'ಟೇಕನ್'. ಕೂದಲು ಕತ್ತರಿಸಿಕೊಂಡದ್ದಕ್ಕೆ 'ಕಟ್', ಅದಕ್ಕೆ ಮೂರೂ ರೂಪ ಒಂದೇ. ಗಿರಣಿಯಲ್ಲಿ ಜೋಳ ಬೀಸಿಸಿದ್ದಕ್ಕೆ 'ಗ್ರೈಂಡೆಡ್' ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಗ್ರೈಂಡ್ ಪದದ ವಿ-3 'ಗ್ರೌಂಡ್'. 'ವಿ ಹ್ಯಾವ್ ಅವರ್ ಜೋವರ್ ಗ್ರೌಂಡ್ ಅಟ್ ದಿ ಮಿಲ್.' ನಿಮ್ಮ ಮೋಟಾರಿನ ರಿವೈಂಡ್ ಕೂಡ ಇದೇ ಜಾತಿಯದು: ರಿವೈಂಡ್, ರಿವೌಂಡ್, ರಿವೌಂಡ್. ಗಾಯ ಎಂಬ ಅರ್ಥದ 'ವೂಂಡ್' ಪದಕ್ಕೂ ಇದಕ್ಕೂ ಅಕ್ಷರ ಒಂದೇ ಇರುವುದರಿಂದ ಓದುವಾಗ ಗಮನವಿರಲಿ.

ಈಗ ಎರಡು ಸಲ ಬಂದ ಹ್ಯಾವ್‌ಗೆ ಬರೋಣ. 'ದಿ ಮೆಕ್ಯಾನಿಕ್ ಹ್ಯಾಸ್ ರಿವೌಂಡ್ ಅವರ್ ಮೋಟಾರ್.' ಇಲ್ಲಿ ಹ್ಯಾಸ್ ಎಂಬುದು ಸಹಾಯಕ. ಕೆಲಸ ಮುಗಿದಿದೆ, ಅದರ ಫಲ ಈಗ ಇದೆ ಎಂದು ಹೇಳುವುದಷ್ಟೇ ಅದರ ಪಾಲು. ಮುಖ್ಯ ಕ್ರಿಯಾಪದ ರಿವೌಂಡ್, ಅದು ವಿ-3 ರೂಪದಲ್ಲಿದೆ. ಕ್ರಮದ ಪ್ರಕಾರ ಅದನ್ನು ಎತ್ತಿ ಹ್ಯಾವ್‌ನ ವಿ-3 ಇಡಬೇಕು. ಹ್ಯಾವ್‌ನ ವಿ-3 'ಹ್ಯಾಡ್'. ಹಾಗಾಗಿ 'ಹ್ಯಾಸ್ ಹ್ಯಾಡ್'. ಕರ್ತೃ 'ವಿ' ಆದದ್ದರಿಂದ 'ಹ್ಯಾವ್ ಹ್ಯಾಡ್'. ವಸ್ತು ಸೇರಿಸಿ, ಕೊನೆಗೆ ರಿವೌಂಡ್ ಹಾಕಿ: 'ವಿ ಹ್ಯಾವ್ ಹ್ಯಾಡ್ ಅವರ್ ಮೋಟಾರ್ ರಿವೌಂಡ್.' ಕಣ್ಣಿಗೆ ಒಂದೇ ಪದ ಎರಡು ಸಲ ಕಂಡರೂ ಅವೆರಡರ ಕೆಲಸ ಬೇರೆ. ಮೊದಲನೆಯದು ಕಾಲದ್ದು, ಎರಡನೆಯದು ನಮ್ಮ ಇಸು. ಒಂದನ್ನು ಬಿಟ್ಟರೆ ಒಂದೋ ಕಾಲ ಹೋಗುತ್ತದೆ, ಇಲ್ಲವೇ ಇಸು ಹೋಗುತ್ತದೆ. ಮೂಲದಲ್ಲಿ 'ಹ್ಯಾಡ್ ರಿವೌಂಡ್' ಇದ್ದರೆ ಉತ್ತರ 'ಹ್ಯಾಡ್ ಹ್ಯಾಡ್' ಆಗುತ್ತದೆ: 'ವಿ ಹ್ಯಾಡ್ ಹ್ಯಾಡ್ ಅವರ್ ಮೋಟಾರ್ ರಿವೌಂಡ್ ಬಿಫೋರ್ ದಿ ಸೋಯಿಂಗ್ ಬಿಗ್ಯಾನ್.' ಬಿತ್ತನೆ ಶುರುವಾಗುವ ಮೊದಲೇ ಮಾಡಿಸಿದ್ದೆವು ಎಂದರ್ಥ. ಇದನ್ನು ಬರೆಯಲು ಹೆದರಬೇಡಿ. 'ಹ್ಯಾಸ್ ಬೀನ್ ರಿವೈಂಡಿಂಗ್' ಇಂದ ಬರುವ 'ಹ್ಯಾವ್ ಬೀನ್ ಹ್ಯಾವಿಂಗ್' ಕೂಡ ವ್ಯಾಕರಣಕ್ಕೆ ಸರಿಯೇ, ಆದರೆ ಅದು ಎಳೆದ ಹಾಗಿರುತ್ತದೆ, ಪರೀಕ್ಷೆಯಲ್ಲಿ ಕೇಳುವುದು ಅಪರೂಪ.

ನಿಮ್ಮ ಉತ್ತರ 'ವಿ ಹ್ಯಾಡ್ ರಿವೌಂಡ್ ಅವರ್ ಮೋಟಾರ್' ಏಕೆ ತಪ್ಪು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಪಾಠದಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಆ ವಾಕ್ಯ ಇಂಗ್ಲಿಷಾಗಿ ಕೆಟ್ಟದ್ದೇನಲ್ಲ. ಅದಕ್ಕೆ ಅರ್ಥವಿದೆ, ಬೇರೆಯ ಅರ್ಥ. ಹ್ಯಾಡ್ ಮತ್ತು ರಿವೌಂಡ್ ಒಟ್ಟಿಗೆ ಕೂತರೆ ಹ್ಯಾಡ್ ಬರೀ ಸಹಾಯಕವಾಗಿಬಿಡುತ್ತದೆ. ಆಗ ವಾಕ್ಯದ ಅರ್ಥ ನಾವೇ ಕೂತು ತಂತಿ ಸುತ್ತಿ ಮೋಟಾರ್ ರಿಪೇರಿ ಮಾಡಿದ್ದೆವು ಎಂದು. ವಸ್ತು ನಡುವೆ ಬಂದರೆ 'ಮಾಡಿಸಿದೆವು', ವಸ್ತು ಕೊನೆಗೆ ಹೋದರೆ 'ಮಾಡಿದ್ದೆವು'. ಪದಗಳು ಅವೇ, ಜಾಗ ಬದಲಾದರೆ ಕೆಲಸ ಮಾಡಿದವರೇ ಬದಲಾಗುತ್ತಾರೆ. ಭವಿಷ್ಯದಲ್ಲೂ ಇದೇ ಆಟ. 'ಐ ವಿಲ್ ಹ್ಯಾವ್ ದಿ ಹೌಸ್ ಪೇಂಟೆಡ್' ಎಂದರೆ ಮನೆಗೆ ಬಣ್ಣ ಹೊಡೆಸುತ್ತೇನೆ. 'ಐ ವಿಲ್ ಹ್ಯಾವ್ ಪೇಂಟೆಡ್ ದಿ ಹೌಸ್' ಎಂದರೆ ಅಷ್ಟೊತ್ತಿಗೆ ನಾನೇ ಬಣ್ಣ ಹೊಡೆದು ಮುಗಿಸಿರುತ್ತೇನೆ. ಆದ್ದರಿಂದ ಉತ್ತರ ಬರೆದ ಮೇಲೆ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ. ಕ್ರಿಯಾಪದದಲ್ಲಿ ಇಸು ಕೇಳಿಸದೆ ಹೋದರೆ ವಸ್ತು ತಪ್ಪು ಜಾಗದಲ್ಲಿ ಕೂತಿದೆ.

ಇಸು ಇದ್ದಲ್ಲೆಲ್ಲ ಈ ಹ್ಯಾವ್ ಬರುತ್ತದೆ ಎಂದು ಮಾತ್ರ ತಿಳಿಯಬೇಡಿ. ಕಲಿಸು ಎಂಬುದಕ್ಕೆ ಟೀಚ್ ಇದೆ, ಮಗುವಿಗೆ ಉಣಿಸು ಎಂಬುದಕ್ಕೆ ಫೀಡ್ ಇದೆ, ನಗಿಸು ಎನ್ನಬೇಕಾದರೆ ಮೇಕ್ ಬರುತ್ತದೆ. ಒಂದು ವಸ್ತುವಿನ ಮೇಲೆ ಇನ್ನೊಬ್ಬರ ಕೈಯಿಂದ ಕೆಲಸವಾದಾಗ, ಅದನ್ನು ಮಾಡಿಸಿದವರ ಕಡೆಯಿಂದ ಹೇಳುವಾಗ ಮಾತ್ರ ಇದು ಹೊಂದುತ್ತದೆ.

ಮೂಲ ವಾಕ್ಯ ಯಾವಾಗಲೂ 'ಟೇಲರ್ ಹೊಲಿದ' ಎಂಬ ನೇರ ರೂಪದಲ್ಲೇ ಬರುವುದಿಲ್ಲ. ಎಷ್ಟೋ ಸಲ ಪ್ಯಾಸಿವ್ ಆಗಿ ಕೊಟ್ಟಿರುತ್ತಾರೆ: 'ಅವರ್ ಮೋಟಾರ್ ಈಸ್ ಬೀಯಿಂಗ್ ರಿವೌಂಡ್.' ಪ್ಯಾಸಿವ್ ಕಂಡೊಡನೆ ಮೊದಲು ಅದನ್ನು ಆ್ಯಕ್ಟಿವ್ ಮಾಡಿ, ಆಮೇಲೆ ಹ್ಯಾವ್ ಮಾಡಿ ಎಂದು ಕೆಲವರು ಹೇಳಿಕೊಡುತ್ತಾರೆ. ಅದು ಸುತ್ತುಬಳಸಿನ ದಾರಿ. ಪ್ಯಾಸಿವ್ ವಾಕ್ಯದಲ್ಲಿ ವಿ-3 ಆಗಲೇ ಸಿದ್ಧವಾಗಿ ಕೊನೆಯಲ್ಲಿದೆ, ಅದನ್ನು ಮುಟ್ಟುವುದೇ ಬೇಡ. ಅಲ್ಲಿ ವಿ-3 ಪಕ್ಕದಲ್ಲೇ ಕೂತಿರುವುದು 'ಬಿ' ಎಂಬ ಕ್ರಿಯಾಪದದ ಯಾವುದೋ ಒಂದು ರೂಪ. ಅದನ್ನು ತೆಗೆದು ಅದೇ ರೂಪದ ಹ್ಯಾವ್ ಇಟ್ಟರೆ ಮುಗಿಯಿತು.

ಒಂದು ಮೋಟಾರಿನ ಕಥೆಯಲ್ಲಿ ಇದನ್ನು ಪೂರ್ತಿ ಹಾಯ್ದು ನೋಡೋಣ. ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಮೋಟಾರ್ ಸುಟ್ಟಿತು. ಎತ್ತಿಸಿ, ಟ್ರ್ಯಾಕ್ಟರಿನಲ್ಲಿ ಹಾಕಿ ಊರ ವೈಂಡಿಂಗ್ ಅಂಗಡಿಗೆ ಒಯ್ದರು. ಪ್ರತಿ ವರ್ಷದ ಮಾತಾಗಿದ್ದರೆ ಮೂಲ ವಾಕ್ಯ 'ದಿ ಮೋಟಾರ್ ಈಸ್ ರಿವೌಂಡ್ ಎವರಿ ಸಮರ್.' ಈಸ್ ತೆಗೆದು ಹ್ಯಾವ್ ಇಡಿ: 'ವಿ ಹ್ಯಾವ್ ದಿ ಮೋಟಾರ್ ರಿವೌಂಡ್ ಎವರಿ ಸಮರ್.' ಕರ್ತೃ ಅಪ್ಪ ಆದರೆ 'ಫಾದರ್ ಹ್ಯಾಸ್ ದಿ ಮೋಟಾರ್ ರಿವೌಂಡ್.' ಈಗ ಅಂಗಡಿಯಲ್ಲಿ ಕೆಲಸ ನಡೆಯುತ್ತಿದೆ: 'ದಿ ಮೋಟಾರ್ ಈಸ್ ಬೀಯಿಂಗ್ ರಿವೌಂಡ್.' ವಿ-3 ಪಕ್ಕದಲ್ಲಿರುವುದು ಬೀಯಿಂಗ್. ಅದರ ಜಾಗಕ್ಕೆ ಹ್ಯಾವಿಂಗ್: 'ವಿ ಆರ್ ಹ್ಯಾವಿಂಗ್ ದಿ ಮೋಟಾರ್ ರಿವೌಂಡ್.' ನಿನ್ನೆ ಆದದ್ದು: 'ದಿ ಮೋಟಾರ್ ವಾಸ್ ರಿವೌಂಡ್ ಯೆಸ್ಟರ್‌ಡೇ.' ವಾಸ್ ಜಾಗಕ್ಕೆ ಹ್ಯಾಡ್: 'ವಿ ಹ್ಯಾಡ್ ದಿ ಮೋಟಾರ್ ರಿವೌಂಡ್ ಯೆಸ್ಟರ್‌ಡೇ.' ಈಗಷ್ಟೇ ಮುಗಿದಿದ್ದರೆ: 'ದಿ ಮೋಟಾರ್ ಹ್ಯಾಸ್ ಬೀನ್ ರಿವೌಂಡ್.' ಬೀನ್ ಎಂಬುದು ಬಿ ಪದದ ವಿ-3, ಆದ್ದರಿಂದ ಹ್ಯಾವ್‌ನ ವಿ-3 ಬರಬೇಕು: 'ವಿ ಹ್ಯಾವ್ ಹ್ಯಾಡ್ ದಿ ಮೋಟಾರ್ ರಿವೌಂಡ್.' ನಿಮ್ಮ ಕೀ ಉತ್ತರಕ್ಕೇ ಇನ್ನೊಂದು ದಾರಿಯಿಂದ ಬಂದು ಮುಟ್ಟಿದೆವು. 'ಮಸ್ಟ್ ಬಿ ರಿವೌಂಡ್' ಇದ್ದರೆ 'ವಿ ಮಸ್ಟ್ ಹ್ಯಾವ್ ದಿ ಮೋಟಾರ್ ರಿವೌಂಡ್.' 'ದಿ ಮೋಟಾರ್ ನೀಡ್ಸ್ ರಿವೈಂಡಿಂಗ್' ಎಂದು ಕೊಟ್ಟರೆ ನೀಡ್ ಉಳಿಸಿಕೊಂಡು 'ವಿ ನೀಡ್ ಟು ಹ್ಯಾವ್ ದಿ ಮೋಟಾರ್ ರಿವೌಂಡ್' ಎನ್ನಿ.

ಪ್ರಶ್ನಾರ್ಥಕ, ನಿಷೇಧಾರ್ಥಕ ವಾಕ್ಯಗಳಿಗೆ ಬೇರೆ ನಿಯಮ ಬೇಕಿಲ್ಲ, ಮೊದಲಿನದೇ ಸಾಕು. 'ಡಿಡ್ ದಿ ಟೇಲರ್ ಸ್ಟಿಚ್ ಯುವರ್ ಬ್ಲೌಸ್?' ಸ್ಟಿಚ್ ಜಾಗಕ್ಕೆ ಹ್ಯಾವ್ ಇಡಿ, ಡಿಡ್ ಇದ್ದಲ್ಲೇ ಇರಲಿ: 'ಡಿಡ್ ಯೂ ಹ್ಯಾವ್ ಯುವರ್ ಬ್ಲೌಸ್ ಸ್ಟಿಚ್ಡ್?' 'ಡಿಡಂಟ್ ಸ್ಟಿಚ್' ಎಂಬುದಕ್ಕೆ 'ಡಿಡಂಟ್ ಹ್ಯಾವ್'. ಹ್ಯಾವ್ ಕಂಡೊಡನೆ ಅದನ್ನೇ ಮುಂದಕ್ಕೆ ಎಳೆದು 'ಹ್ಯಾಡ್ ಯೂ ಯುವರ್ ಬ್ಲೌಸ್ ಸ್ಟಿಚ್ಡ್' ಎಂದು ಬರೆಯುವವರಿದ್ದಾರೆ. ಇಲ್ಲಿ ಹ್ಯಾವ್ ಮುಖ್ಯ ಕ್ರಿಯಾಪದ, ಸಹಾಯಕ ಅಲ್ಲ. ಬೇರೆ ಸಹಾಯಕ ಇಲ್ಲದಿದ್ದರೆ ಪ್ರಶ್ನೆ ಕೇಳಲು ಅದಕ್ಕೆ ಡೂ, ಡಸ್, ಡಿಡ್ ಬೇಕೇ ಬೇಕು.

ಕೆಲಸ ಮಾಡಿದವರ ಹೆಸರನ್ನು ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೆ ತಿರುಗಿಸುವಾಗ ಅದು ಎದುರಾಗುತ್ತದೆ. ಬ್ಲೌಸ್ ಹೊಲಿಯುವವರು ಟೇಲರ್ ಎಂಬುದು ಎಲ್ಲರಿಗೂ ಗೊತ್ತು, 'ಬೈ ದಿ ಟೇಲರ್' ಎಂದು ಬರೆದರೆ ತಪ್ಪಲ್ಲ, ಆದರೆ ಬೇಕಾಗಿಲ್ಲ. 'ಸಂಬಡಿ' ಎಂದಿದ್ದರೆ ಬಿಟ್ಟೇಬಿಡಿ. ಮಾಡಿದವರು ಯಾರು ಎಂಬುದೇ ಸುದ್ದಿಯಾಗಿದ್ದರೆ ಉಳಿಸಿಕೊಳ್ಳಿ. ನಿಮ್ಮ ಜಿಲ್ಲೆಯ ಪಟ್ಟದಕಲ್ಲನ್ನೇ ನೆನೆಯಿರಿ. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. 'ಗುಂಡ ಬಿಲ್ಟ್ ದಿ ಟೆಂಪಲ್ ಫಾರ್ ಕ್ವೀನ್ ಲೋಕಮಹಾದೇವಿ' ಎಂಬುದನ್ನು ತಿರುಗಿಸುವಾಗ ಶಿಲ್ಪಿಯ ಹೆಸರು ಕಳೆಯಬಾರದು: 'ಕ್ವೀನ್ ಲೋಕಮಹಾದೇವಿ ಹ್ಯಾಡ್ ದಿ ಟೆಂಪಲ್ ಬಿಲ್ಟ್ ಬೈ ಗುಂಡ.' ಈ ವಾಕ್ಯದಲ್ಲಿ ಇನ್ನೊಂದು ಪಾಠವೂ ಇದೆ. ಹೊಸ ಕರ್ತೃ ಯಾರಾಗಬೇಕು ಎಂಬ ಸುಳಿವು ಮೂಲ ವಾಕ್ಯದಲ್ಲೇ ಇರುತ್ತದೆ. ಮೊದಲು 'ಮೈ', 'ಅವರ್', 'ಹರ್' ಇರುತ್ತದೆಯೇ ನೋಡಿ, ಇಲ್ಲದಿದ್ದರೆ 'ಫಾರ್' ಮುಂದಿನ ಹೆಸರನ್ನು ನೋಡಿ. ಕೆಲಸ ಯಾರಿಗಾಗಿ ಆಯಿತೋ ಅವರೇ ಕರ್ತೃ.

ಇನ್ನೊಂದು ಬಗೆಯ ಮೂಲ ವಾಕ್ಯ ಸ್ವಲ್ಪ ಬುದ್ಧಿ ಬೇಡುತ್ತದೆ. 'ಫಾದರ್ ಪೇಯ್ಡ್ ಎ ಪೇಂಟರ್ ಟು ಪೇಂಟ್ ದಿ ಹೌಸ್.' ಇಲ್ಲಿ ಎರಡು ಕ್ರಿಯಾಪದಗಳಿವೆ. ಕಾಲ ಇರುವುದು ಪೇಯ್ಡ್ ಎಂಬುದರಲ್ಲಿ, 'ಟು ಪೇಂಟ್' ಎಂಬುದಕ್ಕೆ ಕಾಲವಿಲ್ಲ. ಮಾಡಿಸುವ ಅರ್ಥವೂ ಪೇಯ್ಡ್‌ನಲ್ಲೇ ಇದೆ. ಹಾಗಾಗಿ ಹ್ಯಾವ್ ಬಂದು ಅದನ್ನೇ ನುಂಗುತ್ತದೆ: 'ಫಾದರ್ ಹ್ಯಾಡ್ ದಿ ಹೌಸ್ ಪೇಂಟೆಡ್.' ಪೇಯ್ಡ್ ಅನ್ನು ಉಳಿಸಿಕೊಂಡು 'ಹ್ಯಾಡ್ ಪೇಯ್ಡ್ ದಿ ಹೌಸ್' ಎಂದು ಬರೆದರೆ ವಾಕ್ಯ ಹಳ್ಳ ಹಿಡಿಯುತ್ತದೆ. ಆದರೆ 'ಫಾದರ್ ಹ್ಯಾಸ್ ಆಸ್ಕ್ಡ್ ಎ ಪೇಂಟರ್ ಟು ಪೇಂಟ್ ದಿ ಹೌಸ್ ನೆಕ್ಸ್ಟ್ ವೀಕ್' ಎಂದು ಕೊಟ್ಟರೆ? ಯಂತ್ರದಂತೆ ತಿರುಗಿಸಿದರೆ 'ಫಾದರ್ ಹ್ಯಾಸ್ ಹ್ಯಾಡ್ ದಿ ಹೌಸ್ ಪೇಂಟೆಡ್ ನೆಕ್ಸ್ಟ್ ವೀಕ್' ಎಂದಾಗುತ್ತದೆ, ಅದು ತಪ್ಪು. ಹೇಳಿದ್ದು ಮುಗಿದಿದೆ, ಬಣ್ಣ ಹೊಡೆಯುವುದು ಇನ್ನೂ ಆಗಬೇಕಿದೆ. ಹ್ಯಾಸ್ ಹ್ಯಾಡ್ ಎಂದರೆ ಬಣ್ಣವೇ ಹೊಡೆದಾಯಿತು ಎಂದರ್ಥ. ಇಲ್ಲಿ ಕಾಲವನ್ನು ಕೆಲಸದಿಂದ ತೆಗೆದುಕೊಳ್ಳಬೇಕು, ಹೇಳಿದ್ದರಿಂದಲ್ಲ. ಏರ್ಪಾಡು ಆಗಿರುವ ಮುಂದಿನ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇಂಗ್ ರೂಪ ಚೆನ್ನಾಗಿ ಒಪ್ಪುತ್ತದೆ: 'ಫಾದರ್ ಈಸ್ ಹ್ಯಾವಿಂಗ್ ದಿ ಹೌಸ್ ಪೇಂಟೆಡ್ ನೆಕ್ಸ್ಟ್ ವೀಕ್.' ಆಸ್ಕ್, ಟೆಲ್, ಅರೇಂಜ್ ಇರುವ ವಾಕ್ಯ ಬಂದಾಗ ಕೆಲಸ ಆಗಿದೆಯೋ ಇಲ್ಲವೋ ಎಂದು ಒಮ್ಮೆ ನಿಂತು ಕೇಳಿಕೊಳ್ಳಿ. 'ಪೇಯ್ಡ್', 'ಆಸ್ಕ್ಡ್' ಎಂದು ಬರೀ ಭೂತಕಾಲವಿದ್ದು ಮುಂದಿನ ಕಾಲದ ಸೂಚನೆ ಏನೂ ಇಲ್ಲದಿದ್ದರೆ ಕೆಲಸವೂ ಆಗಿದೆ ಎಂದೇ ಪರೀಕ್ಷಕರು ಹಿಡಿಯುತ್ತಾರೆ.

ಗೆಟ್ ಬಗ್ಗೆ ಕೇಳಿದ್ದೀರಿ. ರಚನೆ ಇದೇ, ಕ್ರಮವೂ ಇದೇ. ಹ್ಯಾವ್ ಇಡುವ ಜಾಗದಲ್ಲಿ ಗೆಟ್ ಇಡುವುದಷ್ಟೇ: ಗೆಟ್, ಗೆಟ್ಸ್, ಗಾಟ್, ಗೆಟ್ಟಿಂಗ್. 'ಐ ಆ್ಯಮ್ ಗೆಟ್ಟಿಂಗ್ ಮೈ ಬ್ಲೌಸ್ ಸ್ಟಿಚ್ಡ್', 'ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್', 'ವಿ ಹ್ಯಾವ್ ಗಾಟ್ ಅವರ್ ಮೋಟಾರ್ ರಿವೌಂಡ್.' ಕೊನೆಯದರಲ್ಲಿ ಅಮೆರಿಕದವರು ಗಾಟ್ ಬದಲು 'ಗಾಟನ್' ಎನ್ನುತ್ತಾರೆ, ನಮ್ಮ ಪುಸ್ತಕಗಳು ಹಿಡಿಯುವುದು ಗಾಟ್ ಅನ್ನೇ. ಗೆಟ್ ಹೆಚ್ಚಾಗಿ ಮಾತಿನ ಪದ, ಹ್ಯಾವ್ ಬರವಣಿಗೆಗೆ ಒಪ್ಪುವಂಥದ್ದು. ಹಾಗೆಯೇ ಓಡಾಡಿ, ಹೇಳಿ ಹೇಳಿ, ಕೊನೆಗೂ ಮಾಡಿಸಿದೆ ಎನ್ನುವ ಛಾಯೆ ಗೆಟ್‌ನಲ್ಲಿ ಹೆಚ್ಚು: 'ಐ ಫೈನಲಿ ಗಾಟ್ ಮೈ ಇನ್‌ಕಮ್ ಸರ್ಟಿಫಿಕೇಟ್ ಸೈನ್ಡ್.' ಯಾರಿಗಾದರೂ ಮಾಡಿಸಿಕೋ ಎಂದು ಹೇಳುವಾಗಲೂ ಗೆಟ್ ಸಹಜ: 'ಗೆಟ್ ಯುವರ್ ಹೇರ್ ಕಟ್.' ಪ್ರಶ್ನೆಯಲ್ಲಿ ಹ್ಯಾವ್ ಬಳಸಿ ಎಂದಿದ್ದರೆ ಹ್ಯಾವ್, ಗೆಟ್ ಎಂದಿದ್ದರೆ ಗೆಟ್. ಏನೂ ಹೇಳದಿದ್ದರೆ ಹ್ಯಾವ್ ಬರೆಯುವುದು ಕ್ಷೇಮ.

ಹ್ಯಾವ್, ಗೆಟ್ ಬೇರೆಯಾಗುವುದು ಕೆಲಸ ಮಾಡುವವರನ್ನು ನಡುವೆ ಕೂರಿಸಿದಾಗ. 'ಐ ಹ್ಯಾಡ್ ದಿ ಟೇಲರ್ ಸ್ಟಿಚ್ ಮೈ ಬ್ಲೌಸ್' ಎನ್ನುವಾಗ ಸ್ಟಿಚ್ ಬರೀ ಮೂಲ ರೂಪದಲ್ಲಿರುತ್ತದೆ. ಗೆಟ್ ಆದರೆ 'ಟು' ಬೇಕು: 'ಐ ಗಾಟ್ ದಿ ಟೇಲರ್ ಟು ಸ್ಟಿಚ್ ಮೈ ಬ್ಲೌಸ್.' ನಡುವೆ ಕೂತದ್ದು ವಸ್ತುವಾದರೆ ವಿ-3, ಮನುಷ್ಯರಾದರೆ ಮೂಲ ರೂಪ ಅಥವಾ ಟು. ಈ ಎರಡನ್ನು ಬೆರೆಸಿ 'ಹ್ಯಾಡ್ ದಿ ಟೇಲರ್ ಸ್ಟಿಚ್ಡ್' ಎಂದರೆ ಟೇಲರನ್ನೇ ಹೊಲಿಸಿದಂತಾಗುತ್ತದೆ.

ಇನ್ನೊಂದನ್ನು ಸುಮ್ಮನೆ ಗೊತ್ತಿರಲಿ ಎಂದು ಹೇಳುತ್ತೇನೆ. 'ಶಿ ಹ್ಯಾಡ್ ಹರ್ ಪರ್ಸ್ ಸ್ಟೋಲನ್' ಎಂಬ ವಾಕ್ಯವನ್ನು ಪರ್ಸ್ ಕದಿಸಿದಳು ಎಂದು ಓದಬೇಡಿ. ರಚನೆ ಅದೇ ಆದರೂ ಇಲ್ಲಿ ಅವಳು ಯಾರಿಗೂ ಹೇಳಿ ಮಾಡಿಸಿದ್ದಲ್ಲ, ಅವಳಿಗೆ ಒದಗಿದ ನಷ್ಟ. ತಿರುಗಿಸುವ ಕ್ರಮ ಮಾತ್ರ ಹಾಗೆಯೇ. 'ಸಂಬಡಿ ಸ್ಟೋಲ್ ಹರ್ ಪರ್ಸ್' ಎಂಬುದರಲ್ಲಿ ಸ್ಟೋಲ್ ಜಾಗಕ್ಕೆ ಹ್ಯಾಡ್, ಕೊನೆಗೆ ಸ್ಟೋಲನ್.

ಇನ್ನು, ಒಂದು ಪದ ಕೊಟ್ಟು ಖಾಲಿ ಜಾಗ ತುಂಬಿಸುವ ರೀತಿಯ ಪ್ರಶ್ನೆಗಳಲ್ಲಿ ಸ್ವಲ್ಪ ಎಚ್ಚರ ಬೇಕು. ಕೇಂಬ್ರಿಜ್‌ನ ಬಿ2 ಫಸ್ಟ್ ಪರೀಕ್ಷೆಯಲ್ಲಿ ಇದು ಇದೆ: ಕೊಟ್ಟ ಪದದ ರೂಪ ಬದಲಿಸುವಂತಿಲ್ಲ, ಅದೂ ಸೇರಿ ಎರಡರಿಂದ ಐದು ಪದಗಳಲ್ಲಿ ಜಾಗ ತುಂಬಬೇಕು. ಕೊಟ್ಟ ಪದ 'ಹ್ಯಾವಿಂಗ್' ಆಗಿದ್ದರೆ ಹಿಂದೆ ಆ್ಯಮ್, ಈಸ್, ಆರ್, ವಾಸ್, ವರ್‌ಗಳಲ್ಲಿ ಒಂದು ಬರುತ್ತದೆ ಎಂದು ಬಹುತೇಕ ಗೊತ್ತಾಗುತ್ತದೆ. 'ಹ್ಯಾಡ್' ಕೊಟ್ಟಾಗ ಮಾತ್ರ ಅವಸರ ಮಾಡಬೇಡಿ. ಅದು ಒಂಟಿ ಹ್ಯಾಡ್ ಆಗಿರಬಹುದು, ಹ್ಯಾವ್ ಹ್ಯಾಡ್‌ನ ಎರಡನೆಯ ಪದವಾಗಿರಬಹುದು, ಹ್ಯಾಡ್ ಹ್ಯಾಡ್‌ನಲ್ಲಿ ಒಂದೂ ಆಗಿರಬಹುದು. ಯಾವುದೆಂದು ತಿಳಿಸುವುದು ಮೂಲ ವಾಕ್ಯದ ಸಹಾಯಕ ಕ್ರಿಯಾಪದ ಮತ್ತು ಕಾಲಸೂಚಕ ಪದ. 'ದಿ ಮೆಕ್ಯಾನಿಕ್ ರಿವೌಂಡ್ ಅವರ್ ಮೋಟಾರ್ ಲಾಸ್ಟ್ ವೀಕ್' ಎಂದು ಕೊಟ್ಟು, ಕೆಳಗೆ 'ವಿ', ಖಾಲಿ ಜಾಗ, 'ಲಾಸ್ಟ್ ವೀಕ್' ಎಂದಿದ್ದರೆ ತುಂಬಬೇಕಾದದ್ದು 'ಹ್ಯಾಡ್ ಅವರ್ ಮೋಟಾರ್ ರಿವೌಂಡ್', ನಾಲ್ಕು ಪದ. 'ದಿ ಮೆಕ್ಯಾನಿಕ್ ಹ್ಯಾಸ್ ಜಸ್ಟ್ ರಿವೌಂಡ್ ಅವರ್ ಮೋಟಾರ್' ಎಂದು ಕೊಟ್ಟು, ಕೆಳಗೆ 'ವಿ', ಖಾಲಿ ಜಾಗ, ಕೊನೆಗೆ 'ರಿವೌಂಡ್' ಎಂದಿದ್ದರೆ 'ಹ್ಯಾವ್ ಜಸ್ಟ್ ಹ್ಯಾಡ್ ಅವರ್ ಮೋಟಾರ್', ಐದು ಪದ. ಜಸ್ಟ್ ಕೂರುವುದು ಎರಡು ಹ್ಯಾವ್‌ಗಳ ನಡುವೆ. ಅದನ್ನು ಮರೆತರೆ ಪದಗಳ ಲೆಕ್ಕ ಸರಿಹೋದಂತೆ ಕಂಡರೂ ಮೂಲದ 'ಈಗಷ್ಟೇ' ಎಂಬ ಅರ್ಥ ಬಿಟ್ಟುಹೋಗಿ ಅಂಕ ಕಡಿತವಾಗುತ್ತದೆ.